ಕೃತಜ್ಞತಾ ಪತ್ರ ಯಾರ ಹೆಸರಿಗೆ?

ಚನ್ನಪಟ್ಟಣದ ಬೊಂಬೆಗಳನ್ನು ಆನ್‌ಲೈನ್‌ನಲ್ಲಿ ಮಾರುವ ಸಣ್ಣ ವ್ಯಾಪಾರಿಯೊಬ್ಬರು ದೀಪಾವಳಿಯ 200 ಪಾರ್ಸೆಲ್‌ಗಳಲ್ಲಿ ಕೈಬರಹದ ಕೃತಜ್ಞತಾ ಪತ್ರ ಇರಿಸುತ್ತಾರೆಂದು ಭಾವಿಸೋಣ. ಕಾರ್ಡಿಗೆ 3 ರೂಪಾಯಿಯಂತೆ ವೆಚ್ಚ 600 ರೂಪಾಯಿ ಮಾತ್ರ. ಆದರೆ ತಲಾ 2 ನಿಮಿಷದಂತೆ ಬರೆಯಲು ಸುಮಾರು 7 ಗಂಟೆ ಬೇಕು. ಆದುದರಿಂದ ಒಕ್ಕಣೆಯನ್ನು ಮುಂಚಿತವಾಗಿ ಬರೆದಿರಿಸಿ, ಪ್ಯಾಕಿಂಗ್ ವೇಳೆ ಹೆಸರನ್ನಷ್ಟೇ ಸೇರಿಸುವುದು ಲೇಸು.

ನಿಜವಾದ ತೊಡಕು ಆ ಹೆಸರಿನದೇ. ಹಬ್ಬದಲ್ಲಿ ಹಲವು ಪಾರ್ಸೆಲ್‌ಗಳು ಉಡುಗೊರೆಯಾಗಿ ನೇರವಾಗಿ ಬಂಧುಗಳ ಮನೆ ಸೇರುತ್ತವೆ. ಹಣ ಕೊಟ್ಟವರು ಒಬ್ಬರು, ಪೆಟ್ಟಿಗೆ ತೆರೆಯುವವರು ಇನ್ನೊಬ್ಬರು. ‘ಖರೀದಿಸಿದ್ದಕ್ಕೆ ವಂದನೆಗಳು’ ಎಂಬ ಸಾಲು ಅಲ್ಲಿ ಅಸಂಗತವಾಗುತ್ತದೆ. ಬಿಲ್ಲಿನ ವಿಳಾಸವೂ ರವಾನೆಯ ವಿಳಾಸವೂ ಬೇರೆಯಾಗಿರುವ ಪಾರ್ಸೆಲ್‌ಗಳನ್ನು ಪ್ರತ್ಯೇಕಿಸಿ, ಅವುಗಳಲ್ಲಿ ಹಬ್ಬದ ಶುಭಾಶಯವನ್ನಷ್ಟೇ ಇರಿಸಬೇಕು. ವಂದನೆಯನ್ನು ಖರೀದಿದಾರರಿಗೆ ಬೇರೆಯಾಗಿ ತಿಳಿಸಬೇಕು.

‘ಐದು ನಕ್ಷತ್ರ ಕೊಟ್ಟರೆ ರಿಯಾಯಿತಿ’ ಎಂಬ ಸಾಲನ್ನಂತೂ ಸೇರಿಸಲೇಬಾರದು. ಅಮೆಜಾನ್‌ನ ನಿಯಮಗಳಲ್ಲಿ ಅದು ನಿಷಿದ್ಧ. ಮೇಲಾಗಿ, ಪ್ರತಿಫಲ ಬೇಡುವ ಪತ್ರ ಕೃತಜ್ಞತಾ ಪತ್ರವೆನಿಸದು.