ಅಗ್ಗದ ಟಿಕೆಟ್‌ಗೆ ದುಬಾರಿ ವೇಷ ಬೇಡ

ಕಡಿಮೆ ದರದ ವಿಮಾನ ಸಂಸ್ಥೆ ಜನರ ನಂಬಿಕೆ ಗಳಿಸಬೇಕಾದರೆ ಪೂರ್ಣ ಸೇವೆಯ ಸಂಸ್ಥೆಯಂತೆ ಕಾಣಬೇಕು ಎಂಬ ವಾದವನ್ನು ಕರ್ನಾಟಕದ ಅನುಭವವೇ ಅಲ್ಲಗಳೆಯುತ್ತದೆ. 2003ರಲ್ಲಿ ಬೆಂಗಳೂರಿನಿಂದ ಆರಂಭವಾದ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್, ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನನ್ನೇ ತನ್ನ ಗುರುತಾಗಿಸಿಕೊಂಡಿತು. ಊಟ ಬೇಕಿದ್ದವರು ಕೊಂಡು ತಿನ್ನಬೇಕಿತ್ತು. ಎಲ್ಲಿ ಉಳಿಸಿದ್ದೇವೆಂದು ಪ್ರಯಾಣಿಕನಿಗೆ ಕಂಡರೆ, ಎಂಜಿನ್ ನಿರ್ವಹಣೆಯಲ್ಲಿ ಉಳಿಸಿರಬಹುದೆಂಬ ಅನುಮಾನಕ್ಕೆ ಎಡೆ ಕಡಿಮೆ. ಏರ್ ಡೆಕ್ಕನ್ ಹೆಸರು ಕೆಟ್ಟದ್ದು ಊಟವಿಲ್ಲದ್ದಕ್ಕಲ್ಲ, ವಿಳಂಬ ಮತ್ತು ರದ್ದತಿಗಳಿಂದ. 2007ರಲ್ಲಿ ಕಿಂಗ್‌ಫಿಷರ್ ಅದರಲ್ಲಿ ಪಾಲು ಕೊಂಡು, ಮರುವರ್ಷ 'ಕಿಂಗ್‌ಫಿಷರ್ ರೆಡ್' ಎಂಬ ಹೆಸರಿಟ್ಟು ಆ ವಾದ ಬಯಸುವ ವೇಷವನ್ನೇ ತೊಡಿಸಿತು. ಒಂದೇ ಹೆಸರಿನಡಿ ಎರಡು ದರ, ಎರಡು ಬಗೆಯ ಸೇವೆ! ದುಬಾರಿ ಟಿಕೆಟ್ ಏಕೆ ಕೊಳ್ಳಬೇಕೆಂಬುದೇ ಮಸುಕಾಯಿತು. 2011ರಲ್ಲಿ ರೆಡ್ ನಿಲ್ಲಿಸುವುದಾಗಿ ಸಂಸ್ಥೆಯೇ ಘೋಷಿಸಿತು.

ಹಾಗಾದರೆ ಸುರಕ್ಷತೆಯ ಭರವಸೆ ಕೊಡುವುದು ಬೇಡವೇ ಎಂದು ಕೇಳಬಹುದು. 'ನಾವು ಸುರಕ್ಷಿತ' ಎಂದು ಜಾಹೀರಾತು ಹಾಕಿದರೆ ಇಲ್ಲದ ಅನುಮಾನವೂ ಹುಟ್ಟುತ್ತದೆ. 2006ರಲ್ಲಿ ಹಾರಾಟ ಶುರುಮಾಡಿದ ಇಂಡಿಗೊ ಹೊಸ ಎ320 ವಿಮಾನಗಳನ್ನು ತಂದು, ಸಮಯಪಾಲನೆಯನ್ನೇ ಪ್ರಚಾರ ಮಾಡಿತು. ಒಂದೇ ಮಾದರಿಯಾದ್ದರಿಂದ ತರಬೇತಿ, ಬಿಡಿಭಾಗಗಳ ಖರ್ಚು ತಗ್ಗಿತು. ಪ್ರಯಾಣಿಕನಿಗೆ ಅದು ಶಿಸ್ತಾಗಿ ಕಂಡಿತು. ಅಲ್ಲದೆ, ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಇಳಿಯುವ ದುಬಾರಿ, ಅಗ್ಗ ಎರಡೂ ಬಗೆಯ ದೇಶೀ ಸಂಸ್ಥೆಗಳಿಗೆ ಸುರಕ್ಷತೆಯ ನಿಯಂತ್ರಕ ಡಿಜಿಸಿಎ ಒಂದೇ. ನಂಬಿಕೆ ಕೆಡಿಸುವುದು ಮುಚ್ಚಿಟ್ಟ ದರ: ಟಿಕೆಟ್ ಕಾಯ್ದಿರಿಸುವಾಗ ಕೊನೆಯ ಪುಟದಲ್ಲಿ ಶುಲ್ಕ ಸೇರಿಸುವ ಸಂಸ್ಥೆ ಎಷ್ಟು ಥಳುಕಿದ್ದರೂ ಅಗ್ಗವೇ.