ಬರೀ ಎರಡು ಪರ್ಸೆಂಟ್ ಅಲ್ಲ

ಅಮೆರಿಕದಲ್ಲಿ ನಮ್ಮಂಥ ವಿದ್ಯಾರ್ಥಿ ಸಂಘಗಳು ರಾಜ್ಯೋತ್ಸವಕ್ಕೆ ಟೀ-ಶರ್ಟ್ ಮಾಡಿಸಿದಾಗ, ಅಂಗಡಿಯವರು ಕಳಿಸುವ ಬಿಲ್ಲಿನಲ್ಲಿ ಕೆಲವೊಮ್ಮೆ ಒಂದು ಚಿಕ್ಕ ಸಾಲು ಇರುತ್ತದೆ: "2/10, ನೆಟ್ 30". ನಾವು ಓದಿದ ಎಂಜಿನಿಯರಿಂಗ್ ಪುಸ್ತಕಗಳಲ್ಲಿ ಇದು ಎಲ್ಲೂ ಬರಲ್ಲ. ಆದರೆ ಸಂಘದ ದುಡ್ಡು ಸೋರಿಹೋಗುವ ಜಾಗಗಳಲ್ಲಿ ಇದೂ ಒಂದು.

ಅರ್ಥ ಸುಲಭ. ನೆಟ್ 30 ಅಂದರೆ ಬಿಲ್ಲಿನ ತಾರೀಖಿನಿಂದ 30 ದಿನದೊಳಗೆ ಪೂರ್ತಿ ಹಣ ಕೊಡಬೇಕು. 2/10 ಅಂದರೆ 10 ದಿನದೊಳಗೆ ಕೊಟ್ಟರೆ ಶೇಕಡಾ 2 ರಿಯಾಯಿತಿ. ಅಕ್ಟೋಬರ್ 1ರ ತಾರೀಖಿನ 2000 ಡಾಲರ್ ಬಿಲ್ ಅಂತ ಇಟ್ಟುಕೊಳ್ಳೋಣ. ಅಕ್ಟೋಬರ್ 11ರ ಒಳಗೆ ಕೊಟ್ಟರೆ 1960 ಡಾಲರ್. ಆಮೇಲೆ ಅಕ್ಟೋಬರ್ 31ರವರೆಗೆ ಯಾವತ್ತು ಕೊಟ್ಟರೂ 2000.

"ನಲವತ್ತು ಡಾಲರ್ ತಾನೇ, ಇನ್ನೂ ಟೈಮ್ ಇದೆ, ನಿಧಾನಕ್ಕೆ ಕೊಡೋಣ" ಅನ್ನೋದು ಕಮಿಟಿ ಮೀಟಿಂಗಿನಲ್ಲಿ ಸಹಜವಾಗಿ ಬರುವ ಮಾತು. ಇದನ್ನು ನಾವು ಒಪ್ಪುವುದಿಲ್ಲ. ಯಾಕೆಂದರೆ ಆ ಸಾಲನ್ನು ತಿರುಗಿಸಿ ಓದಬೇಕು. ಟೀ-ಶರ್ಟಿನ ನಿಜವಾದ ಬೆಲೆ 1960 ಡಾಲರ್. ಮೊದಲ ಹತ್ತು ದಿನ ಅಂಗಡಿಯವರು ಪುಕ್ಕಟೆ ಸಾಲ ಕೊಡುತ್ತಾರೆ. ಹತ್ತನೇ ದಿನ ದಾಟಿದ ಮೇಲೆ ಅದೇ 1960 ಡಾಲರನ್ನು ಇನ್ನು 20 ದಿನ ಇಟ್ಟುಕೊಳ್ಳಲು ನಾವು 40 ಡಾಲರ್ ಬಡ್ಡಿ ಕಟ್ಟುತ್ತೇವೆ.

ಈಗ ಲೆಕ್ಕ ಹಾಕಿ. 40 ಅನ್ನು 1960ರಿಂದ ಭಾಗಿಸಿದರೆ ಶೇಕಡಾ 2.04. ಇದು ಬರೀ 20 ದಿನದ ಬಡ್ಡಿ. ವರ್ಷದಲ್ಲಿ ಇಂಥ ಇಪ್ಪತ್ತು ದಿನಗಳು 18.25 ಸಲ ಬರುತ್ತವೆ. ಗುಣಿಸಿದರೆ ವರ್ಷಕ್ಕೆ ಸುಮಾರು ಶೇಕಡಾ 37! ಸೂತ್ರ ಬೇಕಾದವರಿಗೆ:

```
(d / (100 - d)) × (365 / (N - D)) × 100
```

ಇಲ್ಲಿ d ರಿಯಾಯಿತಿಯ ಪರ್ಸೆಂಟ್, D ರಿಯಾಯಿತಿಯ ಗಡುವು, N ನಾವು ನಿಜವಾಗಿ ಹಣ ಕೊಡುವ ದಿನ.

ಹೋಲಿಕೆಗೆ, ಅದೇ 1960 ಡಾಲರನ್ನು ಶೇಕಡಾ 4 ಬಡ್ಡಿ ಕೊಡುವ ಸೇವಿಂಗ್ಸ್ ಅಕೌಂಟಿನಲ್ಲಿ 20 ದಿನ ಇಟ್ಟರೆ ಸಿಗೋದು ನಾಲ್ಕೂ ಚಿಲ್ಲರೆ ಡಾಲರ್. ಶೇಕಡಾ 24ರ ಬಡ್ಡಿಗೆ ಸಾಲ ತಂದು ಹತ್ತನೇ ದಿನ ಕಟ್ಟಿದರೂ 20 ದಿನಕ್ಕೆ ಬಡ್ಡಿ ಸುಮಾರು 26 ಡಾಲರ್, ಅಂದರೆ 40ಕ್ಕಿಂತ ಕಡಿಮೆ. ಆದರೆ ಅಂಗಡಿಯವರು ಕಾರ್ಡಿಗೆ ಶೇಕಡಾ 3 ಹೆಚ್ಚುವರಿ ಹಾಕುವುದಾದರೆ ಅದೊಂದೇ 59 ಡಾಲರ್ ತಿಂದುಹಾಕುತ್ತದೆ. ಆಗ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯೇ ವಾಸಿ.

ಇದರ ಜೊತೆಗೆ ಇನ್ನೊಂದು ವಿಷಯ ಇದೆ. ಮೂರನೇ ದಿನವೇ ಓಡಿಹೋಗಿ ಕಟ್ಟುವುದರಲ್ಲೂ ಲಾಭವಿಲ್ಲ. ಹತ್ತನೇ ದಿನದವರೆಗೂ ರಿಯಾಯಿತಿ ಅಷ್ಟೇ. ಹಾಗೆಯೇ ಹತ್ತು ದಿನ ತಪ್ಪಿಹೋದರೆ ಹನ್ನೆರಡನೇ ದಿನ ಕಟ್ಟುವುದು ಅತ್ಯಂತ ದುಬಾರಿ: ಎರಡೇ ದಿನದ ಸಾಲಕ್ಕೆ 40 ಡಾಲರ್. ಆಗ ಮೂವತ್ತನೇ ದಿನದವರೆಗೆ ಕಾಯೋದೇ ಸರಿ. ಅಂಗಡಿಯವರು ತಡವಾದರೂ ಸುಮ್ಮನಿದ್ದು ನಾವು ಅರವತ್ತನೇ ದಿನ ಕೊಟ್ಟರೆ, ಸೂತ್ರದ ಪ್ರಕಾರ ಬಡ್ಡಿ ಶೇಕಡಾ 15ಕ್ಕೆ ಇಳಿಯುತ್ತದೆ ನಿಜ. ಆದರೆ ಬಿಲ್ಲಿನಲ್ಲಿ ತಡದ ದಂಡ ಬರೆದಿದ್ದರೆ ಅದೂ ಸೇರುತ್ತದೆ, ಮುಂದಿನ ವರ್ಷ ಅದೇ ಅಂಗಡಿಯವರು "ಮೊದಲು ದುಡ್ಡು ಕೊಡಿ" ಅನ್ನುತ್ತಾರೆ.

ಹಾಗಾದರೆ ರಿಯಾಯಿತಿ ತಪ್ಪುವುದು ಯಾಕೆ? ಬಹಳ ಸಲ ದುಡ್ಡಿಲ್ಲದೆ ಅಲ್ಲ, ಒಪ್ಪಿಗೆ ಸಿಗದೆ. ಬಿಲ್ ಒಬ್ಬರ ಈ-ಮೇಲಿನಲ್ಲಿ ಬಿದ್ದಿರುತ್ತದೆ, ಮೀಟಿಂಗ್ ಎರಡು ವಾರದ ನಂತರ ಇರುತ್ತದೆ, ಆಮೇಲೆ ಯೂನಿವರ್ಸಿಟಿಯ ಫೈನಾನ್ಸ್ ಆಫೀಸಿಗೆ ಹೋಗಬೇಕು. ಅಷ್ಟರಲ್ಲಿ ಹತ್ತು ದಿನ ಎಲ್ಲಿ ಉಳಿಯುತ್ತೆ? ದಿನ ಎಣಿಸುವುದು ಸಾಮಾನ್ಯವಾಗಿ ಬಿಲ್ಲಿನ ತಾರೀಖಿನಿಂದ, ನಾವು ಅದನ್ನು ತೆರೆದು ನೋಡಿದ ದಿನದಿಂದ ಅಲ್ಲ.

ಅದಕ್ಕೆ ನಮ್ಮ ಸಲಹೆ ಇಷ್ಟು. ಆರ್ಡರ್ ಕೊಡುವ ಮೊದಲೇ, ಕೊಟೇಶನ್ ಬಂದಾಗಲೇ ಕಮಿಟಿ ಒಪ್ಪಿಗೆ ಕೊಟ್ಟುಬಿಡಲಿ. ಬಿಲ್ ಅದೇ ಮೊತ್ತಕ್ಕೆ ಬಂದರೆ ಖಜಾಂಚಿ ಮತ್ತು ಇನ್ನೊಬ್ಬರ ಸಹಿಯಲ್ಲಿ ಹಣ ಹೋಗಲಿ, ಮತ್ತೊಂದು ಮೀಟಿಂಗಿಗೆ ಕಾಯುವುದು ಬೇಡ. "ಹಾಗಾದರೆ ಲೆಕ್ಕ ಕೇಳೋರು ಯಾರು?" ಎಂಬ ಆಕ್ಷೇಪ ನ್ಯಾಯವಾದದ್ದೇ. ಮೊತ್ತ ಮೊದಲೇ ನಿಗದಿಯಾಗಿದ್ದು ಎರಡು ಸಹಿ ಇದ್ದರೆ ಆ ಪ್ರಶ್ನೆಗೆ ಉತ್ತರವೂ ಸಿಗುತ್ತದೆ.

ಅಂಗಡಿಯವರ ಹತ್ತಿರ ಎರಡು ಮಾತು ಕೇಳಿಟ್ಟುಕೊಳ್ಳಿ. ಒಂದು, ರಿಯಾಯಿತಿ ಬರೀ ಬಟ್ಟೆ-ಪ್ರಿಂಟಿಂಗ್‌ಗೋ, ಸಾಗಾಣಿಕೆ ಮತ್ತು ಟ್ಯಾಕ್ಸ್ ಸೇರಿಯೋ? ಎರಡು, ಹತ್ತು ದಿನವನ್ನು ಮಾಲು ಕೈಸೇರಿದ ದಿನದಿಂದ ಎಣಿಸಬಹುದಾ? ಎಂಟನೇ ದಿನ ಬಾಕ್ಸ್ ಬಂದರೆ, ಅಕ್ಷರ ಸರಿಯಾಗಿ ಅಚ್ಚಾಗಿದೆಯಾ, ಒತ್ತಕ್ಷರ ಎಲ್ಲೂ ಕೆಟ್ಟಿಲ್ಲವಾ ಅಂತ ನೋಡೋಕೆ ಎರಡೇ ದಿನ ಉಳಿಯುತ್ತೆ. ರಿಯಾಯಿತಿಯ ಆಸೆಗೆ ಬಾಕ್ಸ್ ತೆರೆಯದೇ ದುಡ್ಡು ಕಳಿಸಬಾರದು. 40 ಡಾಲರ್ ಉಳಿಸಲು ಹೋಗಿ ತಪ್ಪು ಕನ್ನಡದ ನೂರೈವತ್ತು ಶರ್ಟ್ ಹೊರೋದು ಯಾರಿಗೂ ಬೇಡ.