ಗುಂಡಿ ಹತ್ತಿರ ಬಂದರೆ ಸಾಲದು, ಹಗುರಾಗಬೇಕು

ಇಚಿಕಾವಾದ ಗ್ಯೋಟೊಕು ಸ್ಟೇಷನ್ ಹತ್ತಿರ ನಮ್ಮ ರೂಮು. ಶನಿವಾರ ಸಂಜೆ ಐದಾರು ಜನ ಕನ್ನಡದವರು ಅಲ್ಲಿ ಸೇರೋದು ರೂಢಿ. ತೋಝಾಯ್ ಲೈನಿನಲ್ಲಿ ನಾಲ್ಕು ಸ್ಟೇಷನ್ ಆಚೆ ನಿಶಿಕಸಾಯ್ ಇದೆ. ಅಲ್ಲಿಯ ಇಂಡಿಯನ್ ಅಂಗಡಿಯಿಂದ ಯಾರಾದರೂ ರವೆ ತರುತ್ತಾರೆ, ಉಪ್ಪಿಟ್ಟು ಆಗುತ್ತದೆ, ಆಮೇಲೆ ಪ್ಲೇಸ್ಟೇಷನ್ 5 ಶುರು. ಕಂಟ್ರೋಲರ್ ಕೈಯಿಂದ ಕೈಗೆ ದಾಟುತ್ತಾ ಹೋಗುತ್ತದೆ. ಆದರೆ ಒಬ್ಬರ ಹತ್ತಿರ ಬಂದಾಗ ಮಾತ್ರ ಅದು ನಿಲ್ಲದೆ ಮುಂದಿನವರಿಗೆ ಹೋಗಿಬಿಡುತ್ತಿತ್ತು. ನಾವೆಲ್ಲ ಅಣ್ಣಾ ಅಂತ ಕರೆಯುವ ಧಾರವಾಡದ ಸೀನಿಯರ್ ಅವರು. ಗಿಯಾನ್ ಬಾರೆ ಎಂಬ ನರಗಳ ಕಾಯಿಲೆ ಬಂದು ಹೋಗಿದೆ. ನಡಿಗೆ ಪೂರ್ತಿ ವಾಪಸ್ ಬಂತು, ಬೆರಳಿನ ಶಕ್ತಿ ಬರಲಿಲ್ಲ. "ನೀವು ಆಡ್ರಪಾ, ನಾ ನೋಡ್ಕೋತ ಕೂಡ್ತೀನಿ" ಅನ್ನೋದು ಅವರ ಖಾಯಂ ಉತ್ತರ ಆಗಿತ್ತು.

ಇದನ್ನು ಸರಿಮಾಡೋಣ ಅಂತ ಹೊರಟ ನಾವು ಮೊದಲು ಮಾಡಿದ್ದು ತಪ್ಪು. ಆ ತಪ್ಪಿನಿಂದಲೇ ನಮಗೆ ಒಂದು ಅಭಿಪ್ರಾಯ ಹುಟ್ಟಿದೆ, ಅದನ್ನು ಹೇಳಲು ಈ ಬರಹ.

ಕಂಟ್ರೋಲರಿನ ಹಿಂಬದಿಯಲ್ಲಿ ತೋರುಬೆರಳಿಗೆ ಸಿಗುವ ಎರಡು ಟ್ರಿಗರ್‌ಗಳಿವೆ, L2 ಮತ್ತು R2. ಅವು ಬರೀ ಸ್ವಿಚ್ ಅಲ್ಲ. ಎಷ್ಟು ಎಳೆದಿದ್ದೀರಿ ಎಂಬುದನ್ನೂ ಅಳೆಯುತ್ತವೆ. ಗ್ರಾನ್ ಟುರಿಸ್ಮೋ 7ರಲ್ಲಿ R2 ಎಂದರೆ ಕಾರಿನ ಆಕ್ಸಿಲರೇಟರ್. ಅಣ್ಣನ ಬೆರಳಿಗೆ ಅಷ್ಟು ದೂರ ಎಳೆಯೋದು ಕಷ್ಟ, ದೂರ ಕಡಿಮೆ ಮಾಡಿದರಾಯ್ತು ಅಂದುಕೊಂಡೆವು. ನೂರು ಯೆನ್ ಅಂಗಡಿಯಿಂದ ಸ್ಪಂಜಿನ ಟೇಪ್ ತಂದು ಟ್ರಿಗರ್ ಹಿಂದೆ ಅಂಟಿಸಿದೆವು. ಟ್ರಿಗರ್ ಅರ್ಧ ದಾರಿಯಲ್ಲೇ ತಡೆದು ನಿಂತಿತು. ಅಣ್ಣ ಆಡಿದರು, ಎಲ್ಲ ರೇಸಿನಲ್ಲೂ ಕೊನೆಗೆ ಬಂದರು. "ಕಾರೇ ಸೋಂಬೇರಿ ಐತಿ" ಅಂದರು. ಕಾರು ಸೋಂಬೇರಿ ಆಗಿರಲಿಲ್ಲ. ಪರದೆಯ ಮೇಲೆ ಆಕ್ಸಿಲರೇಟರ್ ಎಷ್ಟು ಒತ್ತಿದೆ ಎಂದು ತೋರಿಸುವ ಒಂದು ಪಟ್ಟಿ ಇರುತ್ತದೆ. ಅದು ಅರ್ಧದ ಮೇಲೆ ಸ್ವಲ್ಪ ಏರಿ ಅಲ್ಲೇ ನಿಲ್ಲುತ್ತಿತ್ತು. ಟ್ರಿಗರಿಗೆ ನಾವು ಗೋಡೆ ಕಟ್ಟಿದ್ದೆವು, ಆದರೆ "ಇಲ್ಲಿಗೇ ಪೂರ್ತಿ" ಎಂದು ಕನ್ಸೋಲಿಗೆ ಯಾರೂ ಹೇಳಿರಲಿಲ್ಲ. ಒಂದು ಸಂಜೆ ಪೂರ್ತಿ ಅರವತ್ತು ಪರ್ಸೆಂಟ್ ಆಕ್ಸಿಲರೇಟರಿನಲ್ಲೇ ಅಣ್ಣ ನಮ್ಮ ಜೊತೆ ರೇಸ್ ಆಡಿದ್ದರು.

ಆಮೇಲೆ ದುಡ್ಡು ಸೇರಿಸಿ ಡ್ಯುಯಲ್‌ಸೆನ್ಸ್ ಎಡ್ಜ್ ತಂದೆವು. 2023ರ ಜನವರಿಯಲ್ಲಿ ಬಂದ ಸೋನಿಯ ದುಬಾರಿ ಕಂಟ್ರೋಲರ್ ಅದು, ಬಂದಾಗ ಜಪಾನಿನಲ್ಲಿ ಬೆಲೆ 29,980 ಯೆನ್. ಅದರ ಟ್ರಿಗರ್ ಹತ್ತಿರ ಒಂದು ಚಿಕ್ಕ ಜಾರುಗುಂಡಿ ಇದೆ. ಉದ್ದ, ಮಧ್ಯಮ, ಗಿಡ್ಡ, ಹೀಗೆ ಮೂರು ಅಳತೆಯಲ್ಲಿ ಟ್ರಿಗರನ್ನು ತಡೆಯಬಹುದು. ಗಿಡ್ಡಕ್ಕೆ ಇಟ್ಟೆವು. ಈ ಸಲ ಕಾರು ತಿರುವು ಬಂದಲ್ಲೆಲ್ಲ ಗಿರಗಿರ ತಿರುಗಿ ಹುಲ್ಲಿಗೆ ಬಿತ್ತು. ಶಕ್ತಿ ಕಡಿಮೆ ಇರುವ ಬೆರಳು ಟ್ರಿಗರಿನಿಂದ ಪೂರ್ತಿ ಮೇಲೆ ಏಳುವುದಿಲ್ಲ, ಅದರ ಮೇಲೇ ಒರಗಿ ಕೂತಿರುತ್ತದೆ. ಸ್ವಲ್ಪ ಒತ್ತಿದರೂ ಪೂರ್ತಿ ಎಂದು ಲೆಕ್ಕ ಹಾಕುವ ಟ್ರಿಗರಿನ ಮೇಲೆ ಅಂಥ ಬೆರಳು ಒರಗಿದರೆ ಕಾರು ನಿಲ್ಲೋದು ಹೇಗೆ?

ಆಗ ನಮ್ಮಲ್ಲೊಬ್ಬಳಿಗೆ ಹೊಳೆದದ್ದು ಅಡುಗೆಮನೆಯ ಡಿಜಿಟಲ್ ತಕ್ಕಡಿ. ಅದರ ಮೇಲೆ ಟವೆಲ್ ಸುತ್ತಿ ಇಟ್ಟು, ಟ್ರಿಗರ್ ಮೇಲೆ ಬರುವ ಹಾಗೆ ಕಂಟ್ರೋಲರನ್ನು ಅದರೊಳಗೆ ಕೂರಿಸಿ, ತಕ್ಕಡಿಯನ್ನು ಸೊನ್ನೆಗೆ ತಂದೆವು. ಟ್ರಿಗರ್ ಒತ್ತುತ್ತಾ ಒಂದು ಕಣ್ಣು ತಕ್ಕಡಿ ಮೇಲೆ, ಇನ್ನೊಂದು ಕಣ್ಣು ಪರದೆಯ ಪಟ್ಟಿ ಮೇಲೆ ಇಡಬೇಕು. ನಮ್ಮ ಕಂಟ್ರೋಲರಿನಲ್ಲಿ R2 ಪೂರ್ತಿ ಒತ್ತಲು ಸುಮಾರು 250 ಗ್ರಾಂ ಬೇಕಾಯಿತು. ನಿಮ್ಮದರಲ್ಲಿ ಬೇರೆ ಬರಬಹುದು, ಅಳೆದೇ ನೋಡಬೇಕು. ಅಣ್ಣ ಒಂದು ಸಲ 250 ಒತ್ತಿದರು, ಕಷ್ಟವೇ ಆಗಲಿಲ್ಲ. "ಹಿಡಿದೇ ಇರಿ ಅಣ್ಣಾ" ಅಂದೆವು. ಒಂದು ನಿಮಿಷ ದಾಟುವಷ್ಟರಲ್ಲಿ ತಕ್ಕಡಿ 200ಕ್ಕೆ ಇಳಿದಿತ್ತು.

ಅಂದರೆ ಅಣ್ಣನ ತೊಂದರೆ ದೂರದ್ದಲ್ಲ, ಹಿಡಿದಿಡುವುದರದ್ದು. ಟ್ರಿಗರಿನಲ್ಲಿ ಮೂರು ಬೇರೆ ಬೇರೆ ವಿಷಯಗಳಿವೆ: ಎಷ್ಟು ದೂರ ಎಳೆಯಬೇಕು, ಎಷ್ಟು ಭಾರ ಹಾಕಬೇಕು, ಎಷ್ಟು ಹೊತ್ತು ಹಿಡಿಯಬೇಕು. ಗಿಡ್ಡ ಟ್ರಿಗರ್ ಮಾರುವವರು ಮಾರುವುದು ಗುಂಡು ಬೇಗ ಹಾರಿಸಬೇಕಾದ ಗಟ್ಟಿ ಬೆರಳಿಗೆ. ಅದನ್ನೇ ನಾವು ಸೋತ ಬೆರಳಿಗೆ ಔಷಧಿ ಅಂದುಕೊಂಡಿದ್ದೆವು.

ಜಾರುಗುಂಡಿಯನ್ನು ವಾಪಸ್ ಉದ್ದಕ್ಕೆ ತಂದು, ಎಡ್ಜ್‌ನ ಸೆಟ್ಟಿಂಗಿಗೆ ಹೋದೆವು. ಟ್ರಿಗರಿನ ಲೆಕ್ಕ ಎಲ್ಲಿಂದ ಶುರುವಾಗಬೇಕು, ಎಲ್ಲಿಗೆ ಪೂರ್ತಿ ಆಗಬೇಕು ಎಂದು ಅಲ್ಲಿ ಹೇಳಬಹುದು. ಕೊನೆಯನ್ನು 100ರಿಂದ 60ಕ್ಕೆ ಇಳಿಸಿದೆವು. ಟ್ರಿಗರಿನ ಸ್ಪ್ರಿಂಗ್ ಒಳಗೆ ಹೋದಷ್ಟೂ ಬಿಗಿಯಾಗುತ್ತದೆ. ಆ ಬಿಗಿ ಶುರುವಾಗುವ ಮೊದಲೇ ಈಗ ಪಟ್ಟಿ ತುಂಬುತ್ತಿತ್ತು, ತಕ್ಕಡಿಯಲ್ಲಿ ಸುಮಾರು 170. ಇನ್ನು ಶುರುವನ್ನು 15ಕ್ಕೆ ಏರಿಸಿದೆವು, ಯಾಕಂದರೆ ಒರಗಿದ ಬೆರಳಿನ ಭಾರ ಆಕ್ಸಿಲರೇಟರ್ ಆಗಬಾರದು. ಜೊತೆಗೆ ಟ್ರಿಗರ್ ಎಫೆಕ್ಟ್ ಆಫ್ ಮಾಡಿದೆವು. ಬ್ರೇಕ್ ಒತ್ತುವಾಗ ಟ್ರಿಗರನ್ನು ಬೇಕೆಂದೇ ಬಿಗಿ ಮಾಡುವ ಚಿಕ್ಕ ಮೋಟರ್ ಒಳಗಿದೆ. ಅದು ನಮಗೆ ಮಜಾ, ಅಣ್ಣನಿಗೆ ಇಲ್ಲದ ಹೊರೆ.

ನಷ್ಟವೂ ಇದೆ. 15ರಿಂದ 60ರ ನಡುವಿನ ಚಿಕ್ಕ ಜಾಗದಲ್ಲಿ ಇಡೀ ಆಕ್ಸಿಲರೇಟರ್ ತುಂಬಿದ್ದರಿಂದ ತಿರುವಿನಲ್ಲಿ ನಾಜೂಕಾಗಿ ಒತ್ತುವುದು ಕಷ್ಟ. 40ಕ್ಕೆ ಇಳಿಸಿ ನೋಡಿದಾಗ ಕಾರು ಮತ್ತೆ ಹುಲ್ಲಿಗೆ ಹೋಯಿತು. 60ರಲ್ಲಿ ಅಣ್ಣ ಮೂರು ಲ್ಯಾಪ್ ಮುಗಿಸಿದರು, ಪಟ್ಟಿ ಕೊನೆಯವರೆಗೂ ತುಂಬಿಯೇ ಇತ್ತು.

ಸ್ಟಿಕ್‌ನ ಕಥೆ ಬೇರೆ. ಹೆಬ್ಬೆರಳಿನಲ್ಲಿ ಆಡಿಸುವ ಎರಡು ಸ್ಟಿಕ್‌ಗಳನ್ನು ಕೆಳಕ್ಕೆ ಒತ್ತಿದರೆ ಟಕ್ ಅನ್ನುತ್ತವೆ, ಅವೇ L3 ಮತ್ತು R3. ಎಲ್ಡನ್ ರಿಂಗ್‌ನಲ್ಲಿ ಶತ್ರುವಿನ ಮೇಲೆ ನೋಟ ನೆಡುವುದು R3ಯಿಂದ. ತಕ್ಕಡಿಯಲ್ಲಿ ಆ ಟಕ್‌ಗೆ ಸುಮಾರು 600 ಗ್ರಾಂ ಬಂತು. ಅಣ್ಣನ ಹೆಬ್ಬೆರಳು 350 ದಾಟಲಿಲ್ಲ. ಸ್ಟಿಕ್ ಓರೆಯಾಗಿದ್ದಾಗ ಒತ್ತಿದರೆ ಇನ್ನೂ ಜಾಸ್ತಿ ಬೇಕು, ಯಾಕಂದರೆ ಒತ್ತಿದ ಬಲದಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗಿಬಿಡುತ್ತದೆ.

ವಿಚಿತ್ರ ಎಂದರೆ, ಬೇಕೆಂದಾಗ ಒತ್ತಲಾಗದ R3 ಬೇಡದಾಗ ತಾನೇ ಒತ್ತಿಕೊಳ್ಳುತ್ತಿತ್ತು. ಆಟದ ನಡುವೆ ನೋಟ ತಪ್ಪಿ, ಕ್ಯಾಮೆರಾ ಎತ್ತಲೋ ತಿರುಗಿ, ಅಣ್ಣ ಸಾಯುತ್ತಿದ್ದರು. "ನಾ ಒತ್ತಿಲ್ಲೋ ತಮ್ಮಾ!" ಅಂದರೆ ನಾವು ನಂಬಿರಲಿಲ್ಲ. ಒಂದು ಸಂಜೆ ಆಟ ಬಿಟ್ಟು ಅವರ ಕೈ ನೋಡಿದಾಗ ಗೊತ್ತಾಯಿತು. ಬೆರಳು ದಣಿದಾಗ ಅವರು ಸ್ಟಿಕ್ ಅನ್ನು ಬೆರಳಿನಿಂದ ಅಲ್ಲ, ಮುಂಗೈಯಿಂದ ತಳ್ಳುತ್ತಿದ್ದರು. ಇಡೀ ಕೈಯ ಭಾರ ಸ್ಟಿಕ್ ಮೇಲೆ ಬೀಳುತ್ತಿತ್ತು. ಬೆರಳು ಸೋತವರು ಮೆಲ್ಲಗೆ ಒತ್ತುತ್ತಾರೆ ಅನ್ನೋದು ಸುಳ್ಳು. ಅನೇಕ ಸಲ ಅವರೇ ಜೋರಾಗಿ ಒತ್ತುತ್ತಾರೆ, ತಮಗೇ ಗೊತ್ತಿಲ್ಲದೆ.

ಎಡ್ಜ್ ಜೊತೆ ಬರುವ ಎತ್ತರದ ಸ್ಟಿಕ್ ಟೋಪಿ ಹಾಕಿದೆವು. ಸನ್ನೆ ಉದ್ದವಾದಷ್ಟೂ ಓರೆ ಮಾಡುವುದು ಹಗುರ, ಆದರೆ ಟಕ್‌ಗೆ ಅದೇ 600. ಎಕ್ಸ್‌ಬಾಕ್ಸ್ ಎಲೀಟ್ ಸೀರೀಸ್ 2ರಲ್ಲಿ ಸ್ಟಿಕ್‌ನ ಬಿಗಿ ಬದಲಿಸಬಹುದು, ಅದೂ ಓರೆ ಮಾಡುವ ಬಿಗಿಯೇ. ಟಕ್ ಅನ್ನುವುದು ಸ್ಟಿಕ್ ಕೆಳಗಿರುವ ಪ್ರತ್ಯೇಕ ಸ್ವಿಚ್. ಅದನ್ನು ಹಗುರ ಮಾಡುವ ಸೆಟ್ಟಿಂಗ್ ಇವೆರಡರಲ್ಲೂ ಇಲ್ಲ. ಹಾಗಾಗಿ ಆ ಕೆಲಸವನ್ನೇ ಅಲ್ಲಿಂದ ಎತ್ತಬೇಕು. R3ಯನ್ನು ಕಂಟ್ರೋಲರಿನ ಬೆನ್ನಿನ ಗುಂಡಿಗೆ ಕೊಟ್ಟೆವು, ಸ್ಟಿಕ್‌ನ ಟಕ್ ಅನ್ನು ನಿಷ್ಕ್ರಿಯ ಮಾಡಿದೆವು. ಎರಡನೆಯದನ್ನು ಮರೆತರೆ ಅರ್ಧ ಕೆಲಸವೇ ಆದಂತೆ, ಬೇಡದ ಟಕ್ ಹಾಗೇ ಉಳಿಯುತ್ತದೆ. ಬೆನ್ನಿಗೆ ಉದ್ದ ಸನ್ನೆಯ ಗುಂಡಿ ಹಾಕಿದಾಗ ಹಿಡಿತದ ಬೆರಳುಗಳೇ ಅದನ್ನು ಒತ್ತಿಬಿಟ್ಟವು. ಅರ್ಧಗೋಲದ ಚಿಕ್ಕ ಗುಂಡಿ ಹಾಕಿದ ಮೇಲೆ ಸರಿಹೋಯಿತು.

ಈಗ ನಮ್ಮ ತಕರಾರು. ಗುಂಡಿಗಳ ಕೆಲಸ ಅದಲುಬದಲು ಮಾಡುವ ಸೌಲಭ್ಯ ಪ್ಲೇಸ್ಟೇಷನ್ 4ಕ್ಕೆ 2015ರಲ್ಲೇ ಬಂತು. ಪ್ಲೇಸ್ಟೇಷನ್ 5ರಲ್ಲೂ ಅದು ಸಾಮಾನ್ಯ ಕಂಟ್ರೋಲರಿಗೇ ಸಿಗುತ್ತದೆ, ಟ್ರಿಗರ್ ಎಫೆಕ್ಟ್ ಆಫ್ ಮಾಡುವುದೂ ಸಿಗುತ್ತದೆ. ಸಿಗದೇ ಇರುವುದು ನಮಗೆ ಅತಿ ಹೆಚ್ಚು ಉಪಯೋಗವಾದ 15 ಮತ್ತು 60. ಇದಕ್ಕೆ ಹೊಸ ಸ್ಪ್ರಿಂಗ್ ಬೇಡ, ಹೊಸ ಮೋಟರ್ ಬೇಡ. ಸಾಮಾನ್ಯ ಕಂಟ್ರೋಲರ್ ಕೂಡ ಟ್ರಿಗರ್ ಎಷ್ಟು ಒಳಗೆ ಹೋಗಿದೆ ಎಂದು ಆಗಲೇ ಅಳೆಯುತ್ತಿದೆ. ಬಂದ ಸಂಖ್ಯೆಯನ್ನು ಹಿಗ್ಗಿಸಿದರೆ ಸಾಕು, ಅದು ಕೂಡು-ಗುಣಿಸು ಲೆಕ್ಕ. ಅದೇ ಸಾಮಾನ್ಯ ಕಂಟ್ರೋಲರನ್ನು ಕಂಪ್ಯೂಟರಿಗೆ ಜೋಡಿಸಿ ಸ್ಟೀಮ್ ಮೂಲಕ ಆಡಿದರೆ ಈ ಅಳತೆ ಬದಲಿಸಬಹುದು. ಕನ್ಸೋಲಿನಲ್ಲಿ ಮಾತ್ರ ಅದಕ್ಕೆ ದುಬಾರಿ ಕಂಟ್ರೋಲರ್ ಕೊಳ್ಳಬೇಕು ಅನ್ನೋದು ನಮಗೆ ಒಪ್ಪಿಗೆಯಿಲ್ಲ. ಗಟ್ಟಿ ಬೆರಳಿನವರಿಗೆ ಅದು ಶೋಕಿ, ಅಣ್ಣನಂಥವರಿಗೆ ಆಟದ ಬಾಗಿಲು.

ಇನ್ನೊಂದು ಮಾತು ಆಟ ಬರೆಯುವವರಿಗೆ. 2018ರ ಗಾಡ್ ಆಫ್ ವಾರ್‌ನಲ್ಲಿ L3, R3 ಎರಡನ್ನೂ ಒಟ್ಟಿಗೆ ಒತ್ತಿದರೆ ನಾಯಕನಿಗೆ ರೋಷ ಬರುತ್ತದೆ. ನಮ್ಮ ತಕ್ಕಡಿಯ ಲೆಕ್ಕದಲ್ಲಿ ಎರಡು ಹೆಬ್ಬೆರಳಿಂದ ಒಂದು ಕಿಲೋ ಇನ್ನೂರು ಗ್ರಾಂ. ಕನ್ಸೋಲಿನ ಸೆಟ್ಟಿಂಗಿನಲ್ಲಿ ಗುಂಡಿ ಬದಲಿಸಿದರೂ ಪರದೆ ಮಾತ್ರ "R3 ಒತ್ತಿ" ಅಂತಲೇ ಹೇಳುತ್ತಿರುತ್ತದೆ, ಆಡುವವರು ಮನಸ್ಸಿನಲ್ಲೇ ಅನುವಾದ ಮಾಡಿಕೊಳ್ಳಬೇಕು. ಗುಂಡಿ ಬದಲಿಸುವ ಜಾಗ ಆಟದೊಳಗೇ ಇದ್ದರೆ ಪರದೆಯೂ ಸರಿಯಾದ ಗುಂಡಿಯನ್ನೇ ತೋರಿಸಬಹುದು.

ನಮ್ಮ ಉಪಾಯ ಎಲ್ಲರಿಗೂ ಆಗುವುದಿಲ್ಲ. ಬೆರಳು ಒಂದಿಷ್ಟೂ ಆಡದವರಿಗೆ ಬೆನ್ನಿನ ಗುಂಡಿಯೂ ದೂರವೇ. ಅಂಥವರಿಗೆ ಮೊಣಕೈ ಅಥವಾ ಪಾದದಿಂದ ಒತ್ತುವ ಸ್ವಿಚ್ ಜೋಡಿಸುವ ಆಕ್ಸೆಸ್ ಕಂಟ್ರೋಲರ್ 2023ರ ಡಿಸೆಂಬರಿನಲ್ಲಿ ಬಂದಿದೆ. ನಿಂಟೆಂಡೊ ಸ್ವಿಚ್‌ಗೆ ಟೆಕ್ನೋಟೂಲ್ ಮತ್ತು ಹೋರಿ ಸೇರಿ 2020ರಲ್ಲಿ ತಂದ ಫ್ಲೆಕ್ಸ್ ಕಂಟ್ರೋಲರ್ ಇದೆ. ಆದರೆ ಅಣ್ಣನ ಹಾಗೆ ನಡುವೆ ಇರುವವರು, ಬೆರಳು ಇದೆ ಆದರೆ ಅರ್ಧ ಗಂಟೆಗೆ ಮುಗಿಯುತ್ತದೆ ಅನ್ನುವವರು, ನಮ್ಮ ನಿಮ್ಮ ಮನೆಗಳಲ್ಲೂ ಇದ್ದಾರೆ. ಅವರ ಕೈಗೆ ಕಂಟ್ರೋಲರ್ ಕೊಡುವ ಮೊದಲು ದಯವಿಟ್ಟು ತಕ್ಕಡಿ ತನ್ನಿ.

ಹೋದ ಶನಿವಾರ ಅಣ್ಣ ನಮ್ಮಲ್ಲಿಬ್ಬರನ್ನು ಹಿಂದೆ ಹಾಕಿ ಮೂರನೆಯವರಾಗಿ ಬಂದರು. ಕಂಟ್ರೋಲರ್ ಕೇಳಿದರೆ ಕೊಡಲಿಲ್ಲ. "ತಡೀರೋ, ಇನ್ನೊಂದು ಆಟ" ಅಂದರು.